ಎಂಟು ಸ್ಲೈಡಿನಲ್ಲಿ ಒಂದು ಜೆರಾಕ್ಸ್ ಅಂಗಡಿ

ಲೋಗೋ, ಪೋಸ್ಟರ್, ಫೆಸ್ಟ್ ಬ್ಯಾನರ್ ಅಂತ ಫ್ರೀಲಾನ್ಸ್ ಡಿಸೈನ್ ಮಾಡುವವರು ಪ್ರತಿ ಬ್ರಾಂಚಿನಲ್ಲೂ ಇಬ್ಬರೋ ಮೂವರೋ ಸಿಕ್ಕೇ ಸಿಗ್ತಾರೆ. ಅವರ ಇನ್‌ಸ್ಟಾಗ್ರಾಂ ಪುಟ ತೆರೆದರೆ ಕಾಣೋದು ಹೆಚ್ಚುಕಮ್ಮಿ ಒಂದೇ ಥರ. ಕಪ್ಪು ಹಿನ್ನೆಲೆ, ನಡುವೆ ಹೊಳೆಯೋ ಲೋಗೋ. ಮುಂದಿನ ಸ್ಲೈಡಿನಲ್ಲಿ ಅದೇ ಲೋಗೋ ಕಾಫಿ ಕಪ್ಪಿನ ಮೇಲೆ, ಅದರ ಮುಂದಿನದರಲ್ಲಿ ಟೀ ಶರ್ಟಿನ ಮೇಲೆ. ಲೈಕ್ ಬರುತ್ತೆ, ಸರಿ. ಆದರೆ ಲೈಕ್ ಒತ್ತಿದವರ ಹೆಸರು ನೋಡಿ, ಹೆಚ್ಚಿನವರು ಬೇರೆ ಡಿಸೈನರ್‌ಗಳೇ. ಕೆಲಸ ಕೊಡುವವರು ಅವರಲ್ಲ. ಕೆಲಸ ಕೊಡೋದು ಬೇಕರಿ ಇಟ್ಟವರು, ಟ್ಯೂಷನ್ ನಡೆಸುವವರು, ಈಗಷ್ಟೇ ಜಿಮ್ ತೆರೆದವರು. ಟೀ ಶರ್ಟಿನ ಮೇಲಿನ ಲೋಗೋದಿಂದ ಅವರಿಗೆ ಏನೂ ತಿಳಿಯಲ್ಲ. ಇವರಿಗೆ ದುಡ್ಡು ಕೊಟ್ರೆ ನನ್ನ ತಲೆನೋವು ಏನಾದ್ರೂ ಕಡಿಮೆ ಆಗುತ್ತಾ ಅನ್ನೋದಷ್ಟೇ ಅವರ ಪ್ರಶ್ನೆ.

ಆ ಪ್ರಶ್ನೆಗೆ ಉತ್ತರ ಕೊಡೋ ರೂಪ ಕೇಸ್ ಸ್ಟಡಿ ಕರೋಸೆಲ್. ಬೆರಳಿನಿಂದ ಪಕ್ಕಕ್ಕೆ ಸರಿಸುತ್ತಾ ನೋಡುವ ಕೆಲವು ಸ್ಲೈಡುಗಳಲ್ಲಿ ಗಿರಾಕಿಯ ಸಮಸ್ಯೆ ಏನಿತ್ತು, ಡಿಸೈನರ್ ಏನು ಮಾಡಿದರು, ಕೊನೆಗೆ ಏನಾಯ್ತು ಅಂತ ಹೇಳೋದು. ಇನ್‌ಸ್ಟಾಗ್ರಾಂ ಒಂದು ಪೋಸ್ಟಿಗೆ 20 ಸ್ಲೈಡ್‌ವರೆಗೂ ಬಿಡುತ್ತೆ. ಲಿಂಕ್ಡ್‌ಇನ್‌ನಲ್ಲಿ ಅದೇ ಸ್ಲೈಡುಗಳನ್ನು ಪಿಡಿಎಫ್ ಮಾಡಿ ಡಾಕ್ಯುಮೆಂಟ್ ಆಗಿ ಹಾಕಿದರೆ ಹಾಗೇ ಸರಿಯುತ್ತೆ. ಜಾಗ ಇದೆ ಅಂತ ಇಪ್ಪತ್ತೂ ತುಂಬಿಸಬೇಕಿಲ್ಲ. ಒಂದು ಸಣ್ಣ ಕೆಲಸಕ್ಕೆ ಎಂಟು ಧಾರಾಳ.

ಹೇಗೆ ಅಂತ ನೋಡೋಕೆ ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಯಾವ ಇಂಜಿನಿಯರಿಂಗ್ ಕಾಲೇಜಿನ ಗೇಟಿನ ಎದುರೂ ಇರುವಂಥ ಒಂದು ಜೆರಾಕ್ಸ್ ಅಂಗಡಿ. ಅಂಗಡಿಯೂ ಕಲ್ಪಿತ, ಮುಂದೆ ಬರುವ ಎಣಿಕೆಗಳೂ ಉದಾಹರಣೆಗೆ ಇಟ್ಟುಕೊಂಡವು. ಆದರೆ ರೆಕಾರ್ಡ್ ಸಬ್ಮಿಷನ್ ಹಿಂದಿನ ದಿನ ಅಲ್ಲಿ ನಿಂತವರಿಗೆಲ್ಲ ಕಥೆ ಗುರುತು ಸಿಗುತ್ತೆ.

ಕೇಳಿದ್ದು ಬ್ಯಾನರ್

ಅಂಗಡಿಯವರು ನಮ್ಮ ಡಿಸೈನರ್‌ನ ಕರೆದು ಹೇಳೋದು ಹೀಗೆ: "ನೋಡಪ್ಪ, ಒಂದು ದೊಡ್ಡ ಬ್ಯಾನರ್ ಮಾಡಿಕೊಡು. ಕಲರ್ ಕಲರ್ ಇರ್ಲಿ. ಪಕ್ಕದ ಅಂಗಡಿಯವನು ಹಾಕಿದಾನಲ್ಲ, ಅದಕ್ಕಿಂತ ಚೆನ್ನಾಗಿರಬೇಕು." ಬಹಳ ಜನ ಇಲ್ಲಿಂದ ನೇರ ಲ್ಯಾಪ್‌ಟಾಪಿಗೆ ಹೋಗ್ತಾರೆ. ನಮ್ಮ ಡಿಸೈನರ್ ಒಂದು ಗಂಟೆ ಅಂಗಡಿಯಲ್ಲೇ ನಿಲ್ಲುತ್ತಾನೆ. ನಿಂತರೆ ಕಾಣೋದು ಬೇರೆಯೇ. ಜನಕ್ಕೇನೂ ಕೊರತೆ ಇಲ್ಲ, ಕ್ಯೂ ರಸ್ತೆಗೆ ಬಂದಿದೆ. ಹುಡುಗರು ವಾಟ್ಸಾಪಿನಲ್ಲಿ ಫೈಲ್ ಕಳಿಸ್ತಾರೆ, ಜೊತೆಗೆ ಒಂದಕ್ಷರವನ್ನೂ ಬರೆಯಲ್ಲ. ಅಂಗಡಿಯವರು ತಲೆ ಎತ್ತಿ ಕೇಳಬೇಕು: ಎರಡೂ ಬದಿನಾ? ಕಲರ್ರಾ ಬ್ಲ್ಯಾಕ್ ಅಂಡ್ ವೈಟಾ? ಬೈಂಡಿಂಗ್ ಬೇಕಾ? ಫೈಲ್ ಕಳಿಸಿದವನು ಅಷ್ಟರಲ್ಲಿ ಟೀ ಕುಡಿಯೋಕೆ ಹೋಗಿರ್ತಾನೆ.

ಅಂದರೆ ಸಮಸ್ಯೆ ಜನರನ್ನು ಕರೆಯೋದಲ್ಲ, ಬಂದವರ ಆರ್ಡರ್ ಒಂದೇ ಸಲಕ್ಕೆ ಸರಿಯಾಗಿ ಬರುವ ಹಾಗೆ ಮಾಡೋದು. ಕೇಳಿದ್ದಕ್ಕೂ ಕಂಡದ್ದಕ್ಕೂ ಇರುವ ಈ ಅಂತರವೇ ಕರೋಸೆಲ್ಲಿನ ಎರಡನೆಯ ಸ್ಲೈಡ್. ಎಡಕ್ಕೆ "ಕೇಳಿದ್ದು: ಬ್ಯಾನರ್", ಬಲಕ್ಕೆ "ಕಂಡದ್ದು: ಪ್ರತಿ ಫೈಲಿಗೂ ಅದೇ ಪ್ರಶ್ನೆ". ಇನ್ನೊಬ್ಬ ಅಂಗಡಿ ಮಾಲೀಕರು ಇದನ್ನು ನೋಡಿದಾಗ, ಈ ಹುಡುಗ ಬಂದು ನೋಡ್ತಾನೆ, ಸುಮ್ಮನೆ ಬಣ್ಣ ಬಳಿದು ಹೋಗಲ್ಲ ಅನ್ನೋದು ಅಲ್ಲೇ ತಿಳಿಯುತ್ತೆ. "ನಾನು ರಿಸರ್ಚ್ ಮಾಡ್ತೀನಿ" ಅಂತ ಬೇರೆ ಬರೆಯಬೇಕಾಗಿಲ್ಲ.

ಕೊನೆಯ ಸ್ಲೈಡ್ ಮೊದಲ ದಿನ ಶುರು

ಫಲಿತಾಂಶದ ಸ್ಲೈಡ್ ಬಹುಪಾಲು ಕೇಸ್ ಸ್ಟಡಿಗಳಲ್ಲಿ ಬಡವಾಗಿರುತ್ತೆ. "ಕ್ಲೈಂಟ್ ತುಂಬಾ ಖುಷಿಯಾದರು" ಅಂತ ಒಂದು ಸಾಲು, ಐದು ಸ್ಟಾರ್. ಕಾರಣ ಸರಳ, ಕೆಲಸಕ್ಕೆ ಮೊದಲು ಯಾರೂ ಏನನ್ನೂ ಎಣಿಸಿಟ್ಟಿರಲ್ಲ. ಬೋರ್ಡ್ ಹಾಕಿದ ಮೇಲೆ "ಮೊದಲು ಹೇಗಿತ್ತು" ಅಂತ ಅಳೆಯೋಕೆ ದಾರಿಯೇ ಇಲ್ಲ. ಲ್ಯಾಬಿನಲ್ಲಿ ಇನಿಷಿಯಲ್ ರೀಡಿಂಗ್ ಬರೆದುಕೊಳ್ಳದೆ ಪ್ರಯೋಗ ಶುರು ಮಾಡಿದ ಹಾಗೆ.

ಹಾಗಾಗಿ ನಮ್ಮ ಡಿಸೈನರ್ ಕೌಂಟರಿನ ಪಕ್ಕ ಕೂತು ಒಂದರ ಹಿಂದೆ ಒಂದು ಬರುವ 40 ಆರ್ಡರ್‌ಗಳನ್ನು ಗಮನಿಸ್ತಾನೆ. ಎಷ್ಟಕ್ಕೆ ಅಂಗಡಿಯವರು ತಿರುಗಿ ಪ್ರಶ್ನೆ ಕೇಳಬೇಕಾಯ್ತು ಅಂತ ನೋಟ್‌ಬುಕ್ಕಿನಲ್ಲಿ ಗೆರೆ ಹಾಕ್ತಾನೆ. 40ರಲ್ಲಿ 26. ಮೊದಲು ಕೇಳಿದ ಪ್ರಶ್ನೆ ಯಾವುದು ಅಂತ ವಿಂಗಡಿಸಿದರೆ, ಒಂದು ಬದಿಯಾ ಎರಡು ಬದಿಯಾ ಅಂತ 12, ಬಣ್ಣದ ಬಗ್ಗೆ 7, ಬೈಂಡಿಂಗ್ ಬಗ್ಗೆ 5, ಯಾವ ಪುಟಗಳು ಅಂತ 2. ಇದಕ್ಕೆ ಆ್ಯಪ್ ಬೇಡ, ಸರ್ವೇ ಬೇಡ. ಒಂದು ಮಧ್ಯಾಹ್ನ ಬೇಕು, ಅಷ್ಟೆ.

ಮೂರನೆಯ ಸ್ಲೈಡಿನಲ್ಲಿ ಇದನ್ನು 40 ಚುಕ್ಕಿಗಳಾಗಿ ಹಾಕಿ, 26ಕ್ಕೆ ಕೆಂಪು ಬಣ್ಣ ಕೊಡಿ. ಶೇಕಡಾ 65 ಅಂತ ಬರೆಯೋದಕ್ಕಿಂತ ಇದು ಒಳ್ಳೆಯದು. ಶೇಕಡಾ ಅಂದ ಕೂಡಲೇ ಸಾವಿರಾರು ಜನರನ್ನು ಎಣಿಸಿದ ಹಾಗೆ ಕೇಳಿಸುತ್ತೆ, ಎಣಿಸಿದ್ದು 40 ಮಾತ್ರ. ಚುಕ್ಕಿಗಳಲ್ಲಿ ಆ ಚಿಕ್ಕತನ ಬಚ್ಚಿಟ್ಟುಕೊಳ್ಳಲ್ಲ. ಈ ಚಿತ್ರದ ಅಳತೆ, ಜಾಗ ಎರಡನ್ನೂ ನೆನಪಿಟ್ಟುಕೊಳ್ಳಿ, ಏಳನೆಯ ಸ್ಲೈಡಿನಲ್ಲಿ ಮತ್ತೆ ಬೇಕು.

ಪ್ರಕ್ರಿಯೆ ಅಂದರೆ ಏನನ್ನು ತೋರಿಸಬೇಕು

ಪ್ರಕ್ರಿಯೆ ಅಂದ ಕೂಡಲೇ ಎಲ್ಲರೂ ಹಾಕೋದು ಗೋಡೆಗೆ ಅಂಟಿಸಿದ ಹಳದಿ ಚೀಟಿಗಳ ಫೋಟೋ, ಪೆನ್ಸಿಲ್ ಸ್ಕೆಚ್, ಬಣ್ಣಗಳ ಪಟ್ಟಿ. ಅವು ಯಾವ ಕೆಲಸಕ್ಕಾದರೂ ಹೊಂದುತ್ತವೆ, ಅದಕ್ಕೇ ಯಾವುದನ್ನೂ ಹೇಳಲ್ಲ. ನೋಡುವವರಿಗೆ ಬೇಕಾದದ್ದು ನಿರ್ಧಾರ. ಎರಡು ದಾರಿ ಇತ್ತು, ಇದನ್ನು ಬಿಟ್ಟೆ, ಅದನ್ನು ಹಿಡಿದೆ, ಇದು ಕಾರಣ.

ನಾಲ್ಕನೆಯ ಸ್ಲೈಡ್ ಬಿಟ್ಟ ದಾರಿಗಳದ್ದು. ಗೂಗಲ್ ಫಾರ್ಮ್ ಮಾಡೋಣ ಅಂದರೆ, ಕ್ಯೂನಲ್ಲಿ ನಿಂತವನು ಇನ್ನೊಂದು ಪುಟ ತೆರೆದು ತುಂಬಿ, ಮತ್ತೆ ವಾಟ್ಸಾಪಿಗೆ ಬಂದು ಫೈಲ್ ಕಳಿಸಬೇಕು. ಅಂಗಡಿಯವರೂ ಎರಡು ಕಡೆ ನೋಡಬೇಕು. ಇನ್ನೊಂದು ದಾರಿ ವಾಟ್ಸಾಪ್ ಬಿಸಿನೆಸ್ ಆ್ಯಪಿನ ಗ್ರೀಟಿಂಗ್ ಮೆಸೇಜ್. ಯಾರು ಮೆಸೇಜ್ ಮಾಡಿದರೂ ತಾನೇ ಉತ್ತರ ಕೊಡುತ್ತೆ ಅಂತ ನಾವು ಅಂದುಕೊಳ್ತೀವಿ. ಆದರೆ ಅದು ಹೋಗೋದು ಮೊದಲ ಸಲ ಬರೆದವರಿಗೆ, ಇಲ್ಲವೇ 14 ದಿನ ಮಾತುಕತೆ ಇಲ್ಲದವರಿಗೆ ಮಾತ್ರ. ಕಾಲೇಜಿನ ಎದುರಿನ ಅಂಗಡಿಗೆ ಬರೋರು ವಾರಕ್ಕೆರಡು ಸಲ ಬರೋ ಅದೇ ಮುಖಗಳು. ಅವರಿಗೆ ಆ ಮೆಸೇಜ್ ಕಾಣೋದೇ ಇಲ್ಲ.

ಹಿಡಿದ ದಾರಿ ಹೀಗಿದೆ. ಕೌಂಟರಿನ ಮೇಲೆ ಒಂದು ಎ3 ಬೋರ್ಡ್, ಅದರಲ್ಲಿ ಕ್ಯೂಆರ್ ಕೋಡ್. ಸ್ಕ್ಯಾನ್ ಮಾಡಿದರೆ ಅಂಗಡಿಯ ವಾಟ್ಸಾಪ್ ಚಾಟ್ ತೆರೆಯುತ್ತೆ, ಬರೆಯೋ ಜಾಗದಲ್ಲಿ ನಾಲ್ಕು ಸಾಲು ಮೊದಲೇ ಕೂತಿರುತ್ತೆ. ತುಂಬಿ ಕಳಿಸಿ, ಹಿಂದೆಯೇ ಫೈಲ್ ಕಳಿಸಿದರೆ ಮುಗೀತು. ಇದಕ್ಕೆ ಬೇಕಾದದ್ದು ಒಂದು ಲಿಂಕ್ ಮಾತ್ರ:

```
https://wa.me/91XXXXXXXXXX?text=Copies%3A%0ASides%3A%0AColour%3A%0ABinding%3A
```

ಇದರಲ್ಲಿ `%3A` ಅಂದರೆ ಕೋಲನ್, `%0A` ಅಂದರೆ ಹೊಸ ಸಾಲು. ಈಗ ನಮ್ಮ ಸಂಘದವರಿಗೆ ಸಹಜವಾಗಿ ಬರೋ ಪ್ರಶ್ನೆ: ಈ ನಾಲ್ಕು ಸಾಲು ಕನ್ನಡದಲ್ಲಿ ಯಾಕಿಲ್ಲ? ನಮ್ಮ ಡಿಸೈನರ್ ಮೊದಲು ಮಾಡಿದ್ದು ಕನ್ನಡದಲ್ಲೇ. ಪ್ರತಿ, ಬದಿ, ಬಣ್ಣ, ಬೈಂಡಿಂಗ್. ತೊಂದರೆ ಬಂದದ್ದು ಲಿಂಕಿನೊಳಗೆ. ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ಲಿಂಕಿನಲ್ಲಿ ಒಂದು ಬೈಟನ್ನು ಬರೆಯೋಕೆ ಶೇಕಡಾ ಚಿಹ್ನೆ ಸೇರಿ ಮೂರು ಅಕ್ಷರ. ಹಾಗಾಗಿ ಒಂದು ಸಂಕೇತಕ್ಕೆ ಒಂಬತ್ತು. "ಪ್ರತಿ" ಅನ್ನೋ ಪುಟ್ಟ ಪದದಲ್ಲಿ ಐದು ಸಂಕೇತಗಳಿವೆ: ಪ, ವಿರಾಮ ಚಿಹ್ನೆ, ರ, ತ, ಗುಡಿಸು. ಒಟ್ಟು 45. ಮೇಲಿನ ಲಿಂಕಿನಲ್ಲಿ ಇಂಗ್ಲಿಷಿನ ನಾಲ್ಕೂ ಸಾಲು ಸೇರಿ ಎಷ್ಟಿದೆ ಎಣಿಸಿ ನೋಡಿ. ಅದೂ 45.

ಪೂರ್ತಿ ಲಿಂಕ್ ಇಂಗ್ಲಿಷಿನಲ್ಲಿ 77 ಅಕ್ಷರ, ಕನ್ನಡದಲ್ಲಿ 233. ಕ್ಯೂಆರ್ ಕೋಡಿನಲ್ಲಿ ಮಾಹಿತಿ ಹೆಚ್ಚಿದಷ್ಟೂ ಚೌಕಗಳು ಹೆಚ್ಚುತ್ತವೆ. ತಪ್ಪು ಸರಿಪಡಿಸುವ ಮಟ್ಟವನ್ನು ಮಧ್ಯಮ ಅಂತ ಇಟ್ಟರೆ ಮೊದಲನೆಯದಕ್ಕೆ 37 ಅಡ್ಡ 37 ಚೌಕ ಸಾಕು, ಎರಡನೆಯದಕ್ಕೆ 61 ಅಡ್ಡ 61 ಬೇಕು. ಬೋರ್ಡಿನಲ್ಲಿ ಕೋಡಿಗೆ ಸಿಕ್ಕಿರೋ ಅಗಲ 8 ಸೆಂಟಿಮೀಟರ್. ಒಂದೊಂದು ಚೌಕ ಮೊದಲನೆಯದರಲ್ಲಿ 2 ಮಿಲಿಮೀಟರಿಗಿಂತ ದೊಡ್ಡದು, ಎರಡನೆಯದರಲ್ಲಿ 1.3 ಮಾತ್ರ. ಲ್ಯಾಮಿನೇಷನ್ ಮೇಲೆ ಟ್ಯೂಬ್‌ಲೈಟ್ ಹೊಳೀತಾ ಇದ್ದರೆ, ಫೋನ್ ಕ್ಯಾಮೆರಾ ಗೀರಿ ಹೋಗಿದ್ದರೆ, ಈ ವ್ಯತ್ಯಾಸ ಗೊತ್ತಾಗುತ್ತೆ. ಲಿಂಕ್ ಚಿಕ್ಕದು ಮಾಡಿಕೊಡೋ ಸೇವೆಗಳಿವೆಯಲ್ಲ ಅಂತ ಕೇಳಬಹುದು. ಇವೆ. ಆದರೆ ಆ ಸೇವೆ ನಿಂತ ದಿನ, ಇಲ್ಲವೇ ಪುಕ್ಕಟೆ ಅವಧಿ ಮುಗಿದ ದಿನ, ಗೋಡೆಯ ಮೇಲಿನ ಬೋರ್ಡ್ ಸತ್ತುಹೋಗುತ್ತೆ. ಆ ಹೊತ್ತಿಗೆ ಡಿಸೈನರ್ ಪಾಸಾಗಿ ಊರು ಬಿಟ್ಟಿರ್ತಾನೆ. ಕೊನೆಗೆ ಆದ ತೀರ್ಮಾನ: ಬೋರ್ಡಿನ ಮೇಲಿನ ಬರಹ ದೊಡ್ಡದಾಗಿ ಕನ್ನಡದಲ್ಲಿ, ಲಿಂಕಿನೊಳಗಿನ ನಾಲ್ಕು ಪದ ಇಂಗ್ಲಿಷಿನಲ್ಲಿ.

ಇಷ್ಟು ಲೆಕ್ಕವನ್ನು ಸ್ಲೈಡಿನಲ್ಲಿ ಬರೆಯಬೇಡಿ. ಐದನೆಯ ಸ್ಲೈಡಿನಲ್ಲಿ ಎರಡೂ ಕೋಡುಗಳನ್ನು ಒಂದೇ ಅಳತೆಯಲ್ಲಿ ಪಕ್ಕಪಕ್ಕ ಇಟ್ಟರೆ ಸಾಕು. ಒಂದು ಬಿಡಿಬಿಡಿ, ಇನ್ನೊಂದು ರಾಗಿ ಚೆಲ್ಲಿದ ಹಾಗೆ. ಕೆಳಗೆ ಒಂದು ಸಾಲು: "ಎಡದ್ದನ್ನು ಆರಿಸಿದ್ದು, ದೂರದಿಂದ ಬೇಗ ಸ್ಕ್ಯಾನ್ ಆಗುತ್ತೆ". ಇಂಜಿನಿಯರಿಂಗ್ ಗೊತ್ತಿಲ್ಲದವರಿಗೂ ಕಾರಣ ಕಣ್ಣಿಗೆ ಕಾಣುತ್ತೆ. ಒಂದು ಎಚ್ಚರ: ಕೋಡುಗಳಲ್ಲಿ ಅಂಗಡಿಯ ನಿಜವಾದ ನಂಬರ್ ಇರಬಾರದು, ಸ್ಲೈಡ್ ನೋಡಿದವರೆಲ್ಲ ಸ್ಕ್ಯಾನ್ ಮಾಡಿ ಅಂಗಡಿಯವರ ಪ್ರಾಣ ತಿಂತಾರೆ. ಅಷ್ಟೇ ಉದ್ದದ ಬೇರೆ ಬರಹ ಹಾಕಿ ಕೋಡ್ ಮಾಡಿ.

ಆರನೆಯ ಸ್ಲೈಡ್ ಮುಗಿದ ಬೋರ್ಡಿನ ಫೋಟೋ, ಮಾಕಪ್ ಅಲ್ಲ. ಕೌಂಟರಿನ ಮೇಲೆ, ಸ್ಟೇಪ್ಲರ್ ಮತ್ತು ಬೈಂಡಿಂಗ್ ಸುರುಳಿಗಳ ನಡುವೆ ಇರೋ ಹಾಗೇ.

ಚುಕ್ಕಿಗಳು ಮತ್ತೆ

ಎಣಿಕೆ ಮತ್ತೆ ಮಾಡಬೇಕು, ಅದೇ ರೀತಿ, 40 ಆರ್ಡರ್. ಇಲ್ಲಿ ಜಾರೋದು ಸುಲಭ. ಮೊದಲ ಎಣಿಕೆ ಸಬ್ಮಿಷನ್ ವಾರದಲ್ಲಿ ಆಗಿ, ಎರಡನೆಯದು ಕ್ಲಾಸ್ ಇಲ್ಲದ ಸುಮ್ಮನೆ ವಾರದಲ್ಲಿ ಆದರೆ, ಕಡಿಮೆಯಾದದ್ದು ಬೋರ್ಡಿನಿಂದಲೋ ವಾರದಿಂದಲೋ ಹೇಳೋಕಾಗಲ್ಲ. ಸುಮ್ಮನೆ ವಾರದಲ್ಲಿ ಬರೋದು ಒಂದೆರಡು ಪುಟದ ಕೆಲಸ, ಬೈಂಡಿಂಗ್ ಪ್ರಶ್ನೆಯೇ ಏಳಲ್ಲ. ಹಾಗಾಗಿ ನಮ್ಮ ಡಿಸೈನರ್ ಮುಂದಿನ ಸಬ್ಮಿಷನ್ ತನಕ ಕಾಯ್ತಾನೆ, ಅದೇ ಹೊತ್ತಿಗೆ ಹೋಗಿ ಕೂರ್ತಾನೆ. ಈ ಸಲ 40ರಲ್ಲಿ 9.

ಏಳನೆಯ ಸ್ಲೈಡಿನಲ್ಲಿ ಮೂರನೆಯದರ ಅದೇ 40 ಚುಕ್ಕಿಗಳು, ಅದೇ ಜಾಗದಲ್ಲಿ, ಅದೇ ಅಳತೆಯಲ್ಲಿ. ಕೆಂಪು ಮಾತ್ರ 9. ಮೂರನೆಯದನ್ನು ನೋಡಿ ಬಂದವರಿಗೆ ವಿವರಣೆಯೇ ಬೇಡ. ಕೆಳಗೆ ಎಣಿಸಿದ ಸಂದರ್ಭ: "ಎರಡೂ ಸಲ ಸಬ್ಮಿಷನ್ ವಾರ, ಒಂದರ ಹಿಂದೆ ಒಂದು ಬಂದ 40 ಆರ್ಡರ್". "ವ್ಯಾಪಾರ ಹೆಚ್ಚಾಯ್ತು" ಅಂತ ಸೇರಿಸೋ ಆಸೆ ಆಗುತ್ತೆ. ಅದನ್ನು ಎಣಿಸಿಲ್ಲ. ಎಣಿಸಿದ್ದರೂ ಹೊಸ ಬ್ಯಾಚ್ ಬಂದದ್ದರಿಂದ ಆಯ್ತೋ, ಪಕ್ಕದ ಅಂಗಡಿ ಒಂದು ವಾರ ಮುಚ್ಚಿದ್ದರಿಂದ ಆಯ್ತೋ ಗೊತ್ತಿಲ್ಲ. ಮೂರನೆಯ ಸ್ಲೈಡಿನಲ್ಲಿ ಯಾವುದನ್ನು ಸಮಸ್ಯೆ ಅಂತ ಹೇಳಿದ್ದೀರೋ ಏಳನೆಯದು ಅದಕ್ಕೇ ಉತ್ತರ ಕೊಡಬೇಕು. ಸಮಸ್ಯೆ "ಪ್ರಶ್ನೆ ಜಾಸ್ತಿ" ಅಂತ ಹೇಳಿ ಫಲಿತಾಂಶ "ಫಾಲೋವರ್ಸ್ ಜಾಸ್ತಿ" ಅಂದರೆ ನೋಡುವವರು ಬಾಯಿಬಿಟ್ಟು ಹೇಳದಿದ್ದರೂ ಎಡವುತ್ತಾರೆ.

ಎಂಟನೆಯದರಲ್ಲಿ ಉಳಿದ 9ರ ಕಥೆ ಹೇಳಿ. ವಿಂಗಡಿಸಿದರೆ ಬದಿಯ ಬಗ್ಗೆ 3, ಬಣ್ಣ 2, ಬೈಂಡಿಂಗ್ 1, ಪುಟಗಳ ಬಗ್ಗೆ 3. ಮೊದಲ ಮೂರೂ ಇಳಿದಿವೆ. ಪುಟಗಳ ಪ್ರಶ್ನೆ 2 ಇದ್ದದ್ದು 3, ಅಂದರೆ ಅಲ್ಲೇ ನಿಂತಿದೆ. ಬರೀ ಎರಡು ಬಾರಿ ಬಂದ ಪ್ರಶ್ನೆ ಅಂತ ಅದಕ್ಕೆ ಸಾಲು ಇಟ್ಟಿರಲಿಲ್ಲ, ಮೆಸೇಜ್ ಚಿಕ್ಕದಾಗಿರಲಿ ಅಂತ. ಸಾಲು ಇದ್ದ ಕಡೆ ಇಳಿದು ಇಲ್ಲದ ಕಡೆ ಇಳಿಯದೇ ಇರೋದು, ಕೆಲಸ ಮಾಡಿದ್ದು ಆ ಸಾಲುಗಳೇ ಅನ್ನೋದಕ್ಕೆ ಏಳನೆಯ ಸ್ಲೈಡಿಗಿಂತ ಗಟ್ಟಿ ಸಾಕ್ಷಿ. ಮುಂದಿನ ಬೋರ್ಡಿನಲ್ಲಿ ಐದನೆಯ ಸಾಲು ಬರುತ್ತೆ ಅಂತ ಹೇಳಿ, ಅದರ ಕೆಳಗೆ ನಿಮ್ಮನ್ನು ಸಂಪರ್ಕಿಸುವುದು ಹೇಗೆ ಅಂತ ಒಂದು ಸಾಲು.

ಮೊದಲ ಸ್ಲೈಡನ್ನು ಕೊನೆಗೆ ಮಾಡಿ. "ಕೇಸ್ ಸ್ಟಡಿ 04" ಅಂತ ಬರೆದರೆ ಯಾರೂ ನಿಲ್ಲಲ್ಲ. ಅಂಗಡಿಯ ಮುಂದಿನ ಕ್ಯೂ ಫೋಟೋ, ಮೇಲೆ "40 ಆರ್ಡರ್, 26 ಸಲ ಅದೇ ಪ್ರಶ್ನೆ" ಅಂತ ಹಾಕಿದರೆ ಯಾವ ಅಂಗಡಿಯವರಿಗೂ ತಮ್ಮದೇ ಕೌಂಟರ್ ನೆನಪಾಗುತ್ತೆ. ಫೋಟೋದಲ್ಲಿ ಮುಖಗಳು ಬೇಡ, ಬೆನ್ನಿನ ಕಡೆಯಿಂದ ತೆಗೆದದ್ದು ಸಾಕು.

ಅಳತೆ, ಒತ್ತಕ್ಷರ, ಆಧಾರ್ ಕಾರ್ಡ್

ಸ್ಲೈಡಿನ ಅಳತೆ 1080 ಅಡ್ಡ 1350 ಪಿಕ್ಸೆಲ್ ಇಡಿ. ಎಲ್ಲ ಸ್ಲೈಡಿಗೂ ಒಂದೇ. ಪ್ರೊಫೈಲ್ ಪುಟದಲ್ಲಿ ಇನ್‌ಸ್ಟಾಗ್ರಾಂ ಈಗ ಮೂರಕ್ಕೆ ನಾಲ್ಕರ ಅನುಪಾತದಲ್ಲಿ ತೋರಿಸೋದರಿಂದ ಮೊದಲ ಸ್ಲೈಡಿನ ಎರಡೂ ಪಕ್ಕ ಸುಮಾರು 34 ಪಿಕ್ಸೆಲ್ ಕತ್ತರಿಸಿ ಹೋಗುತ್ತೆ. ಅಂಚಿನಿಂದ 90 ಪಿಕ್ಸೆಲ್ ಒಳಗೆ ಬರೆದರೆ ಚಿಂತೆ ಇಲ್ಲ. ಅಕ್ಷರದ ಗಾತ್ರದಲ್ಲಿ ಲ್ಯಾಪ್‌ಟಾಪ್ ಮೋಸ ಮಾಡುತ್ತೆ. 1080 ಪಿಕ್ಸೆಲ್ ಅಗಲದ ಚಿತ್ರ ಫೋನಿಗೆ ಬರುವಾಗ ಸುಮಾರು ಮೂರನೇ ಒಂದು ಭಾಗಕ್ಕೆ ಕುಗ್ಗುತ್ತೆ, ಪರದೆಯಲ್ಲಿ 30 ಅಂತ ಕಂಡದ್ದು ಕೈಯಲ್ಲಿ 10 ಆಗುತ್ತೆ. ಕನ್ನಡ ಬರಹಕ್ಕೆ 44ಕ್ಕಿಂತ ಕೆಳಗೆ ಹೋಗಬೇಡಿ. ಸಾಲುಗಳ ನಡುವಿನ ಅಂತರ ಅಕ್ಷರದ ಒಂದೂವರೆ ಪಟ್ಟು ಇರಲಿ. ಇಂಗ್ಲಿಷಿಗೆ ಸಾಕಾಗುವ ಅಂತರದಲ್ಲಿ "ಪ್ರಶ್ನೆ"ಯ ಒತ್ತುಗಳು ಕೆಳಗಿನ ಸಾಲಿನ ಗುಡಿಸಿಗೆ ತಗಲಿಕೊಳ್ತವೆ. ಕೆಲವು ಸಾಫ್ಟ್‌ವೇರಿನಲ್ಲಿ ಒತ್ತಕ್ಷರ ಒಡೆದು ಬಿಡಿಬಿಡಿಯಾಗಿ ನಿಲ್ಲೋದೂ ಉಂಟು. ಚಿತ್ರವನ್ನು ಎಕ್ಸ್‌ಪೋರ್ಟ್ ಮಾಡಿ ಫೋನಿನಲ್ಲೇ ಓದಿ ನೋಡಿ. ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ ಎರಡೂ ಪುಕ್ಕಟೆ ಸಿಗುವ ಫಾಂಟುಗಳು, ಮೊದಲನೆಯದು ಬರಹಕ್ಕೆ, ಎರಡನೆಯದು ದೊಡ್ಡ ತಲೆಬರಹಕ್ಕೆ ಹೊಂದುತ್ತೆ.

ಇವೆಲ್ಲ ಕೆಟ್ಟರೆ ಸ್ಲೈಡ್ ಕೆಡುತ್ತೆ, ಅಷ್ಟೆ. ಬೇರೆಯವರಿಗೆ ಪೆಟ್ಟು ಬೀಳೋದು ಸ್ಕ್ರೀನ್‌ಶಾಟ್‌ಗಳಿಂದ. ಜೆರಾಕ್ಸ್ ಅಂಗಡಿಯ ವಾಟ್ಸಾಪಿನಲ್ಲಿ ಏನಿರುತ್ತೆ ಯೋಚಿಸಿ: ಫೋನ್ ನಂಬರ್, ಮಾರ್ಕ್ಸ್ ಕಾರ್ಡ್, ಆಧಾರ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್. ಸಮಸ್ಯೆ ತೋರಿಸ್ತೀನಿ ಅಂತ ಆ ಚಾಟ್ ಪಟ್ಟಿಯ ಸ್ಕ್ರೀನ್‌ಶಾಟ್ ಹಾಕೋದು ಬೇಡವೇ ಬೇಡ. ಮಸುಕು ಮಾಡಿದರೂ ಅಂಕಿಗಳನ್ನು ಊಹಿಸಬಹುದು. ಲಿಂಕ್ಡ್‌ಇನ್‌ಗೆ ಹಾಕುವ ಪಿಡಿಎಫಿನಲ್ಲಿ ಇನ್ನೊಂದು ಗುಂಡಿ ಇದೆ. ಬರಹದ ಮೇಲೆ ಕಪ್ಪು ಪಟ್ಟಿ ಎಳೆದರೆ ಮುಚ್ಚಿದ್ದು ಚಿತ್ರ ಮಾತ್ರ, ಕೆಳಗಿನ ಬರಹ ಫೈಲಿನಲ್ಲಿ ಹಾಗೇ ಇರುತ್ತೆ, ಕಾಪಿ ಮಾಡಿ ಓದಬಹುದು. ನಿಮಗೆ ಬೇಕಿರೋದು ಪ್ರಶ್ನೋತ್ತರದ ಮಾದರಿ ತಾನೇ? ಸುಳ್ಳು ಹೆಸರಿನಲ್ಲಿ ಹೊಸದಾಗಿ ಟೈಪ್ ಮಾಡಿ, "ಮಾದರಿ ಚಾಟ್" ಅಂತ ಬರೆದು ಹಾಕಿ. ಹಾಗೆಯೇ, ಗಿರಾಕಿಯೇ ಇಲ್ಲದೆ ಅಭ್ಯಾಸಕ್ಕೆ ಮಾಡಿದ ಕೆಲಸವಾದರೆ ಮೊದಲ ಸ್ಲೈಡಿನಲ್ಲೇ "ಕಲ್ಪಿತ" ಅಂತ ಹಾಕಬೇಕು.

ಅಂಗಡಿಯವರ ಒಪ್ಪಿಗೆಯನ್ನು ಕೆಲಸ ಒಪ್ಪಿಕೊಳ್ಳೋ ದಿನವೇ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ: ಎಣಿಸಬಹುದಾ, ಫೋಟೋ ಹಾಕಬಹುದಾ, ಅಂಗಡಿ ಹೆಸರು ಹೇಳಬಹುದಾ. ಹೆಸರು ಬೇಡ ಅಂದರೆ "ಕಾಲೇಜು ಗೇಟಿನ ಎದುರಿನ ಜೆರಾಕ್ಸ್ ಅಂಗಡಿ" ಅಂದರೆ ಸಾಕು, ಕೇಸ್ ಸ್ಟಡಿಗೆ ಏನೂ ಕಮ್ಮಿಯಾಗಲ್ಲ. ಪೋಸ್ಟ್ ಮಾಡೋ ಮುಂಚೆ ಎಂಟೂ ಸ್ಲೈಡುಗಳನ್ನು ಅವರಿಗೆ ಕಳಿಸಿ. "ಅಣ್ಣ, ಇದರಲ್ಲಿ ಯಾವುದಾದ್ರೂ ತೆಗೀಬೇಕಾ?" ಅಂತ ಕೇಳಿ. "ಕ್ಯೂ ಫೋಟೋ ತೆಗಿಯಪ್ಪ, ಅಂಗಡಿಲಿ ಲೇಟಾಗುತ್ತೆ ಅಂತ ಜನ ಅನ್ಕೋತಾರೆ" ಅಂದರೆ ತೆಗೆಯಿರಿ. ಖಾಲಿ ಕೌಂಟರಿನ ಫೋಟೋ ಮೇಲೂ 26 ಅನ್ನೋ ಅಂಕಿ ಚೆನ್ನಾಗೇ ಕೂರುತ್ತೆ.